ಪಿನ್‌ಕೋಡ್ ತಪ್ಪಾಗಿದೆ, ಫೋನ್ ನಂಬರ್ ತಪ್ಪಾಗಿದೆ: ಹೊರಟ ಪಾರ್ಸೆಲ್ ಉಳಿಸ್ಕೊಳ್ಳೋದು ಹೇಗೆ (ಕೊಡಗಿನವರಿಗೆ ಹಂತ ಹಂತವಾಗಿ)

ಈ ಮಳೆಗಾಲ ಶುರುವಾದ್ಮೇಲೆ ನಮ್ಮ ಸುತ್ತಮುತ್ತಲಿನ ಐದಾರು ಜನ ಒಂದೇ ತೊಂದರೆ ಹೇಳ್ಕೊಂಡು ಬಂದ್ರು. ಆರ್ಡರ್ ಮಾಡುವಾಗ ಪಿನ್‌ಕೋಡ್ ಒಂದು ಅಂಕಿ ಆಚೀಚೆ ಆಗಿದೆ, ಇಲ್ಲಾಂದ್ರೆ ಮೊಬೈಲ್ ನಂಬರ್ ತಪ್ಪು ಹೊಡೆದಿದ್ದಾರೆ. ಗೊತ್ತಾದ ತಕ್ಷಣ ಎಲ್ಲರೂ ಆ್ಯಪಲ್ಲಿ ಪ್ರೊಫೈಲ್‌ಗೆ ಹೋಗಿ ಅಡ್ರೆಸ್ ಸರಿ ಮಾಡಿ ಇನ್ನು ಬರುತ್ತೆ ಅಂತ ಸುಮ್ನೆ ಕೂತಿದ್ದಾರೆ. ಅದು ಬರಲ್ಲ. ಪ್ರೊಫೈಲಲ್ಲಿ ಸರಿ ಮಾಡಿದ್ದು ಮುಂದಿನ ಆರ್ಡರಿಗೆ ಮಾತ್ರ, ಈಗಾಗ್ಲೇ ಹಾಕಿರೋ ಆರ್ಡರಿಗೆ ಚೆಕ್‌ಔಟ್ ಹೊತ್ತಲ್ಲಿ ಏನು ಇತ್ತೋ ಅದೇ ಅಂಟಿಕೊಂಡಿರುತ್ತೆ.

ಇನ್ನೊಂದು ವಿಷ್ಯ ಮೊದಲೇ ಹೇಳ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲ ಇದರ ಮೇಲೆ ನಿಂತಿದೆ. ಪಾರ್ಸೆಲ್ ಹೊರಟ ಮೇಲೂ ಫೋನ್ ನಂಬರ್ ಬದಲಾಯಿಸ್ಬಹುದು. ಪಿನ್‌ಕೋಡ್ ಹಾಗಲ್ಲ, ಹೊರಟ ಮೇಲೆ ಬದಲಾಯಿಸೋದು ಬಹಳ ಕಷ್ಟ, ಯಾಕಂದ್ರೆ ಯಾವ ಲಾರಿಗೆ ಹಾಕ್ಬೇಕು ಯಾವ ಚೀಲಕ್ಕೆ ಹಾಕ್ಬೇಕು ಅನ್ನೋದೆಲ್ಲ ಆ ಆರು ಅಂಕಿ ನೋಡಿಯೇ ನಡೆಯೋದು, ನಿಮ್ಮ ಮನೆ ಹೆಸರು ಊರ ಹೆಸರನ್ನ ಮೊದಲ ಸಲ ಯಾರಾದ್ರೂ ಕಣ್ಣಿಟ್ಟು ಓದೋದು ಕೊನೆಯ ಆಫೀಸಲ್ಲಿ. ಅದಕ್ಕೆ ಎರಡು ತಪ್ಪಿಗೂ ದಾರಿ ಬೇರೆ ಬೇರೆ.

## ಶುರು ಮಾಡೋ ಮುಂಚೆ ಕೈಯಲ್ಲಿ ಇರಬೇಕಾದ್ದು

ಫೋನ್ ಹಚ್ಚೋ ಮುಂಚೆ ಒಂದು ಹಾಳೆ ತಗೊಂಡು ಆರ್ಡರ್ ನಂಬರ್, ಟ್ರ್ಯಾಕಿಂಗ್ ನಂಬರ್, ಯಾವ ಕೊರಿಯರ್ ಅನ್ನೋದು, ದುಡ್ಡು ಕಟ್ಟಿದ್ದ ದಿನ, ಇಷ್ಟು ಬರ್ಕೊಳ್ಳಿ. ಆರ್ಡರ್ ನಂಬರ್ ಅಂಗಡಿಯವರದ್ದು, ಟ್ರ್ಯಾಕಿಂಗ್ ನಂಬರ್ ಕೊರಿಯರ್‌ನವರದ್ದು. ಕೊರಿಯರ್‌ನವರಿಗೆ ಆರ್ಡರ್ ನಂಬರ್ ಹೇಳಿದ್ರೆ ಅವರಿಗೆ ಏನೂ ಕಾಣಲ್ಲ, ಅರ್ಧ ಜನ ಇಲ್ಲೇ ಸೋಲೋದು. ಸ್ಪೀಡ್ ಪೋಸ್ಟ್ ಆದ್ರೆ ಗುರುತಿಸೋದು ಸುಲಭ, 13 ಅಕ್ಷರ ಇರುತ್ತೆ, ಮೊದಲು ಎರಡು ಇಂಗ್ಲಿಷ್ ಅಕ್ಷರ, ಮಧ್ಯ ಒಂಬತ್ತು ಅಂಕಿ, ಕೊನೆಗೆ IN.

ಆಮೇಲೆ ಆರ್ಡರ್ ಪೇಜ್ ತೆಗೆದು ಅಲ್ಲಿ ಕಾಣೋ ಅಡ್ರೆಸ್‌ದು ಸ್ಕ್ರೀನ್‌ಶಾಟ್ ತಗೊಳ್ಳಿ. ಸರಿಯಾದ ಅಡ್ರೆಸನ್ನ ಒಂದೇ ಮೆಸೇಜಾಗಿ ಮೊದಲೇ ಟೈಪ್ ಮಾಡಿಟ್ಕೊಂಡ್ರೆ ಇನ್ನೂ ಒಳ್ಳೇದು, ಫೋನಲ್ಲಿ ಹೇಳುವಾಗ ಮತ್ತೆ ಒಂದು ಅಂಕಿ ತಪ್ಪಿದ್ರೆ ಎರಡನೇ ಸಲ ಸರಿ ಮಾಡಿಸೋದು ಯಾರಿಗೂ ಬೇಡ.

## 1. ನಿಜವಾಗ್ಲೂ ಯಾವುದು ತಪ್ಪು ಅಂತ ನೋಡಿ

ನೆನಪಿನ ಮೇಲೆ ಹೋಗ್ಬೇಡಿ. ಆರ್ಡರ್ ಆದಾಗ ಬಂದ ಇಮೇಲ್ ಇಲ್ಲಾ ಆರ್ಡರ್ ಪೇಜಲ್ಲಿರೋ ಅಡ್ರೆಸನ್ನೇ ಓದಿ. ಫೋನ್ ನಂಬರ್ ವಿಷಯದಲ್ಲಿ ಎರಡು ಜಾಗ ಇರುತ್ತೆ, ಒಂದು ನೀವು ಲಾಗಿನ್ ಆಗೋ ನಂಬರ್, ಇನ್ನೊಂದು ಅಡ್ರೆಸ್ ಜೊತೆ ಕೊಟ್ಟಿರೋ ನಂಬರ್. ಡೆಲಿವರಿಯವನು ಫೋನ್ ಮಾಡೋದು ಎರಡನೇದಕ್ಕೆ. ಲಾಗಿನ್ ನಂಬರ್ ಸರಿ ಇದೆ ಅಂತ ನೋಡಿ ಸಮಾಧಾನ ಪಟ್ಕೊಂಡು ಪಾರ್ಸೆಲ್ ಕಳ್ಕೊಂಡವರು ಇದ್ದಾರೆ.

ಪಿನ್‌ಕೋಡ್ ತಪ್ಪಿದ್ರೆ ಎಷ್ಟು ದೂರ ತಪ್ಪಿದೆ ಅನ್ನೋದು ಮುಖ್ಯ. ಮೊದಲ ಮೂರು ಅಂಕಿ ಪಾರ್ಸೆಲ್‌ನ ಯಾವ ಕಡೆಗೆ ಕಳಿಸ್ಬೇಕು ಅಂತ ಹೇಳುತ್ತೆ, ಕೊನೆಯ ಮೂರು ಯಾವ ಡೆಲಿವರಿ ಪೋಸ್ಟ್ ಆಫೀಸ್ ಅಂತ. ನಮ್ಮದು 571. ಮಡಿಕೇರಿ 571201, ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236, ಹೀಗೆ. ಆದ್ರೆ 571 ಕೊಡಗಿಗೆ ಮಾತ್ರ ಇರೋದಲ್ಲ, ಹುಣಸೂರು, ಚಾಮರಾಜನಗರ, ಮಂಡ್ಯ ಎಲ್ಲ ಅದರಲ್ಲೇ ಬರುತ್ತೆ, ಅದಕ್ಕೆ ಮಡಿಕೇರಿಯ 571201 ಬರೆಯುವಾಗ ಮಧ್ಯದ 2 ಹೋಗಿ 4 ಆಯ್ತು ಅಂದ್ರೆ ಅದು ಮಂಡ್ಯದ 571401. 571ರ ಬದಲು 570 ಆದ್ರೆ ಮೈಸೂರು ಸಿಟಿ ಕಡೆ, 71 ತಿರುಗಿ 517 ಆಯ್ತೋ ಆಂಧ್ರದ ಚಿತ್ತೂರು, ತಿರುಪತಿ ಕಡೆ ಹೋಗುತ್ತೆ.

ಊರ ಹೆಸರಿಂದ ಆಗೋ ತಪ್ಪೂ ಒಂದಿದೆ, ಇದು ಸಿದ್ದಾಪುರದವರಿಗೆ ಚೆನ್ನಾಗಿ ಗೊತ್ತು. ಗೂಗಲಲ್ಲಿ ಸಿದ್ದಾಪುರ ಪಿನ್‌ಕೋಡ್ ಅಂತ ಹುಡುಕಿ ಮೊದಲು ಕಂಡಿದ್ದನ್ನ ಹಾಕಿದ್ರೆ ಅದು ಉತ್ತರ ಕನ್ನಡದ ಸಿದ್ದಾಪುರದ 581355 ಆಗಿರಬಹುದು, ನಮ್ಮ ಸಿದ್ದಾಪುರ 571253. ಇಂಥ ತಪ್ಪಲ್ಲಿ ಅಂಕಿ ಆಚೀಚೆ ಆಗಿರಲ್ಲ, ಹಾಗಾಗಿ ಎಷ್ಟು ಸಲ ನೋಡಿದ್ರೂ ಸರಿ ಇದೆ ಅಂತಾನೇ ಅನ್ಸುತ್ತೆ. ಇಂಡಿಯಾ ಪೋಸ್ಟ್ ವೆಬ್‌ಸೈಟಲ್ಲಿ ಪಿನ್‌ಕೋಡ್ ಹಾಕಿ ಯಾವ ಪೋಸ್ಟ್ ಆಫೀಸ್ ಬರುತ್ತೆ ಅಂತ ನೋಡಿದ್ರೆ ಮಾತ್ರ ಗೊತ್ತಾಗುತ್ತೆ.

## 2. ಪಾರ್ಸೆಲ್ ಈಗ ಎಲ್ಲಿದೆ, ಯಾರ ಕೈಯಲ್ಲಿದೆ

ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಇದರ ಮೇಲೆ. ಇನ್ನೂ `Shipped` ಅಂತ ಬಂದಿಲ್ಲ ಅಂದ್ರೆ ಅದು ಅಂಗಡಿಯವರ ಕೈಯಲ್ಲಿದೆ, ಆ್ಯಪಲ್ಲೇ ಕೆಲಸ ಮುಗಿಯುತ್ತೆ. `Shipped` ಆಗಿದೆ, `In Transit` ಅಂತಿದೆ ಅಂದ್ರೆ ಸಾಮಾನು ಕೊರಿಯರ್ ಹತ್ರ ಇದೆ ಆದ್ರೆ ಹೇಳೋ ಹಕ್ಕು ಇನ್ನೂ ಕಳಿಸಿದವರದ್ದೇ. `Out for Delivery` ಅಂದ್ರೆ ಯಾವುದೋ ಒಬ್ಬ ಹುಡುಗನ ಬ್ಯಾಗಲ್ಲಿದೆ. `RTO` ಅಂತ ಏನಾದ್ರೂ ಕಂಡ್ರೆ ಅದು ವಾಪಸ್ ಹೊರಟಾಯ್ತು ಅಂತ ಅರ್ಥ.

ಕಳಿಸಿದವರು ಅಂದ್ರೆ ಸೆಲ್ಲರ್. ಇದು ಜನಕ್ಕೆ ಒಪ್ಪೋದೇ ಇಲ್ಲ, ದುಡ್ಡು ಕೊಟ್ಟಿದ್ದು ನಾನು, ಸಾಮಾನು ನಂದು, ಕೊರಿಯರ್‌ನವರು ನನ್ನ ಮಾತು ಯಾಕೆ ಕೇಳಲ್ಲ ಅಂತಾರೆ. ಕೊರಿಯರ್ ಕಂಪನಿಗೆ ದುಡ್ಡು ಕೊಟ್ಟಿರೋ ಗಿರಾಕಿ ಸೆಲ್ಲರ್, ಅಡ್ರೆಸ್ ಬದಲಾಯಿಸಿ ಅಂತ ಸಿಕ್ಕಿದವರೆಲ್ಲ ಫೋನ್ ಮಾಡಿ ಹೇಳಿದ್ದನ್ನ ಕೇಳಿಬಿಟ್ರೆ ಬೇರೆಯವರ ಪಾರ್ಸೆಲ್ ಕದಿಯೋದು ತುಂಬ ಸುಲಭ ಆಗಿಬಿಡುತ್ತೆ. ಅದಕ್ಕೆ ಮೊದಲ ಮೆಸೇಜ್ ಯಾವಾಗ್ಲೂ ಸೆಲ್ಲರಿಗೆ, ಅಥವಾ ನೀವು ಆರ್ಡರ್ ಮಾಡಿದ ಆ್ಯಪಿನ ಹೆಲ್ಪ್ ಪೇಜಿಗೆ. ಕೊರಿಯರ್ ಆಮೇಲೆ.

## 3. ಇನ್ನೂ ಹೊರಟಿಲ್ಲ ಅಂದ್ರೆ

ಆರ್ಡರ್ ಪೇಜಲ್ಲಿ ಅಡ್ರೆಸ್ ಬದಲಾಯಿಸೋ ಬಟನ್ ಇದ್ರೆ ಅಲ್ಲೇ ಮಾಡಿ. ಕೆಲವು ಆ್ಯಪಲ್ಲಿ ಫೋನ್ ನಂಬರ್, ಮನೆ ಹೆಸರು ಬದಲಾಯಿಸೋಕೆ ಬಿಡ್ತಾರೆ, ಪಿನ್‌ಕೋಡ್ ಮುಟ್ಟೋಕೆ ಬಿಡಲ್ಲ, ಯಾಕಂದ್ರೆ ಹೊಸ ಪಿನ್‌ಕೋಡಿಗೆ ಆ ಕೊರಿಯರ್ ಹೋಗುತ್ತಾ, ಯಾವ ಗೋಡೌನಿಂದ ಕಳಿಸ್ಬೇಕು ಅನ್ನೋ ಲೆಕ್ಕನೇ ಬದಲಾಗಿಬಿಡುತ್ತೆ. ಹಾಗಿದ್ರೆ ಯೋಚನೆ ಮಾಡದೆ ಕ್ಯಾನ್ಸಲ್ ಮಾಡಿ ಹೊಸದಾಗಿ ಆರ್ಡರ್ ಹಾಕಿ. ಆಫರ್ ಹೋಗುತ್ತೆ ಅಂತ ಹಿಂದೆ ಮುಂದೆ ನೋಡೋರು ಸಂಜೆವರೆಗೆ ಕಾಯ್ತಾರೆ, ಅಷ್ಟರಲ್ಲಿ ಪ್ಯಾಕ್ ಆಗಿ ಲೇಬಲ್ ಅಂಟಿರುತ್ತೆ.

ಕ್ಯಾಶ್ ಆನ್ ಡೆಲಿವರಿ ಆದ್ರೆ, ಸಣ್ಣ ಸೆಲ್ಲರ್‌ಗಳು ಕಳಿಸೋ ಮುಂಚೆ ಫೋನ್ ಅಥವಾ ವಾಟ್ಸಾಪಲ್ಲಿ ಬೇಕಾ ಅಂತ ಕೇಳೋದುಂಟು. ನಂಬರ್ ತಪ್ಪಿದ್ರೆ ಆ ಮೆಸೇಜ್ ಬೇರೆಯವರಿಗೆ ಹೋಗುತ್ತೆ, ಉತ್ತರ ಬರಲ್ಲ, ಆರ್ಡರ್ ಅಲ್ಲಿಗೇ ನಿಲ್ಲುತ್ತೆ. ಎರಡು ಮೂರು ದಿನ ಆದ್ರೂ ಆರ್ಡರ್ ಅಲುಗಾಡಿಲ್ಲ ಅಂದ್ರೆ ಮೊದಲು ನಂಬರ್ ನೋಡಿ.

## 4. ಹೊರಟಿದೆ, ಫೋನ್ ನಂಬರ್ ಮಾತ್ರ ತಪ್ಪು

ಸೆಲ್ಲರಿಗೆ ಅಥವಾ ಆ್ಯಪ್ ಹೆಲ್ಪಿಗೆ ಮೆಸೇಜ್ ಹಾಕಿ, ಕಥೆ ಬೇಡ, ಇಷ್ಟೇ ಸಾಕು: ಈ ಆರ್ಡರ್, ಈ ಟ್ರ್ಯಾಕಿಂಗ್ ನಂಬರ್, ಅಡ್ರೆಸಲ್ಲಿರೋ ಮೊಬೈಲ್ ತಪ್ಪು, ಸರಿಯಾದ್ದು ಇದು, ಕೊರಿಯರ್‌ಗೆ ಅಪ್‌ಡೇಟ್ ಮಾಡಿ ತಿಳಿಸಿ. ಸೆಲ್ಲರ್ ಹೊರರಾಜ್ಯದವರಾದ್ರೆ ಇದನ್ನೇ ಇಂಗ್ಲಿಷಲ್ಲಿ ಹಾಕಿ. ಫೋನಲ್ಲಿ ಮಾತಾಡಿದ್ರೂ ಪರವಾಗಿಲ್ಲ, ಆದ್ರೆ ಮಾತಾಡಿದ ಮೇಲೆ ಒಂದು ಮೆಸೇಜ್ ಬರೆದೇ ಬಿಡಿ, ಆಮೇಲೆ ದುಡ್ಡು ವಾಪಸ್ ಕೇಳೋ ಹೊತ್ತಿಗೆ ಅದು ಬೇಕಾಗುತ್ತೆ.

ಎರಡನೇ ಕೆಲಸ, ತಪ್ಪು ನಂಬರಿಗೆ ನೀವೇ ಒಂದು ಫೋನ್ ಮಾಡಿ. ಇದು ಯಾರಿಗೂ ಹೊಳೆಯಲ್ಲ. ನಮ್ಮ ಅಕ್ಕ ಮಗನ ಸ್ಕೂಲ್ ಶೂ ತರಿಸುವಾಗ ಕೊನೆಯ ಎರಡು ಅಂಕಿ ತಿರುಗಿಸಿಬಿಟ್ಟಿದ್ಳು. ಟ್ರ್ಯಾಕಿಂಗಲ್ಲಿ `Out for Delivery` ಅಂತ ಬಂದ ದಿನ ಆ ನಂಬರಿಗೆ ಫೋನ್ ಹಚ್ಚಿದ್ರೆ ರಾಯಚೂರಿನವರು ಒಬ್ಬರು ಎತ್ತಿದ್ರು, "ಏನ್ರೀ ಮುಂಜಾನಿಂದ ಕೊರಿಯರ್‌ನವ್ರು ಎರಡ್ ಸಲ ಫೋನ್ ಹಚ್ಯಾರ, ರಾಂಗ್ ನಂಬರ್ ಅಂತ ಇಟ್ಟೀನಿ" ಅಂದ್ರು. ಯಾವ ನಂಬರಿಂದ ಬಂತು ಅಂತ ಕೇಳಿದಾಗ ನೋಡಿ ಹೇಳಿದ್ರು ಪಾಪ, ಆ ಹುಡುಗ ಇನ್ನೂ ಗೋಣಿಕೊಪ್ಪ ಬಸ್ ಸ್ಟ್ಯಾಂಡ್ ಹತ್ರಾನೇ ಇದ್ದ, ಅರ್ಧ ಗಂಟೆಯಲ್ಲಿ ಶೂ ಕೈಗೆ ಬಂತು. ಎತ್ತಿದವರಿಗೆ ಹೆಸರು ಹೇಳಿ, ಅಂಕಿ ತಪ್ಪಿದೆ ಅಂತ ಹೇಳಿ, ಡೆಲಿವರಿಯವರು ಮತ್ತೆ ಮಾಡಿದ್ರೆ ನನ್ನ ನಂಬರ್ ಕೊಡಿ ಅಂತ ಕೇಳಿ. ಓಟಿಪಿ ಮಾತ್ರ ಅವರನ್ನ ಕೇಳ್ಬೇಡಿ. ಗೊತ್ತಿಲ್ಲದವರು ಫೋನ್ ಮಾಡಿ ಓಟಿಪಿ ಕೇಳಿದ್ರೆ ಯಾರೇ ಆದ್ರೂ ಕಟ್ ಮಾಡ್ಬೇಕು, ಅವರೂ ಮಾಡ್ತಾರೆ.

ಓಟಿಪಿ ಬೇಕಾಗೋ ಪಾರ್ಸೆಲ್ ಆಗಿದ್ರೆ ಆರ್ಡರ್ ಪೇಜ್ ಮತ್ತೆ ಇಮೇಲ್ ಎರಡೂ ನೋಡಿ, ಎಷ್ಟೋ ಆ್ಯಪಲ್ಲಿ ಅದೇ ಓಟಿಪಿ ಅಲ್ಲೂ ಕಾಣುತ್ತೆ. ಕಾಣಲ್ಲ ಅಂದ್ರೆ ನಂಬರ್ ಬದಲಾಗೋವರೆಗೂ ಡೆಲಿವರಿಯವನು ಮನೆ ಬಾಗಿಲಿಗೆ ಬಂದ್ರೂ ಕೊಡೋಕಾಗಲ್ಲ, ಅವನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದಕ್ಕೆ ಸೇರ್ಕೊಳ್ಳುತ್ತೆ. ನಂಬರ್ ಸರಿ ಇದ್ರೂ ತೋಟದೊಳಗೆ ನೆಟ್‌ವರ್ಕ್ ಇರಲ್ಲ, ಮಳೆ ಜೋರಾಗಿ ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಆಗ ಟ್ರ್ಯಾಕಿಂಗಲ್ಲಿ ಬರೋ ಮಾತು ತಪ್ಪು ನಂಬರಿಗೆ ಬರೋ ಮಾತೇ, ಕಸ್ಟಮರ್ ಸಿಗಲಿಲ್ಲ ಅಂತ. ಅದಕ್ಕೆ ಸೆಲ್ಲರಿಗೆ ಹೊಸ ನಂಬರ್ ಕೊಡುವಾಗ ಪೇಟೆಯಲ್ಲಿ ಕೂತಿರೋ ಒಬ್ಬರದ್ದು ಕೊಡಿ. ಪರಿಚಯದ ಅಂಗಡಿಯವರು, ಪೇಟೆಗೆ ದಿನಾ ಹೋಗೋ ತೋಟದ ರೈಟರ್, ಬ್ಯಾಂಕಲ್ಲಿ ಕೆಲಸ ಮಾಡೋ ಅಣ್ಣನ ಮಗ, ಯಾರಾದ್ರೂ ಸರಿ, ಅವರನ್ನ ಕೇಳಿ ಕೊಡಿ.

## 5. ಹೊರಟಿದೆ, ಪಿನ್‌ಕೋಡ್ ತಪ್ಪು

ಇದು ಕಷ್ಟದ್ದು, ಸ್ವಲ್ಪ ನಿಧಾನವಾಗಿ ಓದಿ. ಜೂನ್ ಮೊದಲ ವಾರ ನಮ್ಮ ಚಿಕ್ಕಪ್ಪಂಗೆ ಆಗಿದ್ದನ್ನೇ ಹೇಳ್ತೀನಿ.

ಚಿಕ್ಕಪ್ಪನ ತೋಟ ಗೋಣಿಕೊಪ್ಪದ ಹತ್ರ. ಕಳೆ ಹೊಡಿಯೋ ಮೆಷಿನ್‌ದು ಕಾರ್ಬುರೇಟರ್ ಹಾಳಾಗಿತ್ತು, ಕೊಯಮತ್ತೂರಿನ ಒಂದು ಅಂಗಡಿಯ ವೆಬ್‌ಸೈಟಲ್ಲಿ 1,180 ರೂಪಾಯಿ ಕಟ್ಟಿ ಸೋಮವಾರ ರಾತ್ರಿ ಆರ್ಡರ್ ಮಾಡಿದ್ರು. ಗೋಣಿಕೊಪ್ಪ ಪಿನ್‌ಕೋಡ್ 571213. ಅವರು ಹೊಡೆದಿದ್ದು 571231. ಅದು ಕೊಡ್ಲಿಪೇಟೆ. ಗೋಣಿಕೊಪ್ಪ ಜಿಲ್ಲೆಯ ದಕ್ಷಿಣಕ್ಕೆ, ಕೊಡ್ಲಿಪೇಟೆ ಉತ್ತರದ ತುದಿಗೆ, ಹಾಸನ ಗಡಿ ಹತ್ರ. ಪಿನ್‌ಕೋಡ್ ಹಾಕಿದ ತಕ್ಷಣ ಕೆಳಗೆ ಜಿಲ್ಲೆ ಕೊಡಗು, ರಾಜ್ಯ ಕರ್ನಾಟಕ ಅಂತ ತಾನಾಗೇ ತುಂಬ್ಕೊಂಡಿತು, ಅದನ್ನ ನೋಡಿ ಸರಿಯಾಗಿದೆ ಅಂದ್ಕೊಂಡ್ರು. ಇಲ್ಲೇ ಮೋಸ ಹೋಗೋದು, ಅದು ಜಿಲ್ಲೆ ತೋರಿಸುತ್ತೆ ಅಷ್ಟೇ, ಜಿಲ್ಲೆಯೊಳಗೆ ಎಲ್ಲಿ ಅಂತ ತೋರಿಸಲ್ಲ.

ಗುರುವಾರ ಟ್ರ್ಯಾಕಿಂಗ್ ತೆಗೆದು ನೋಡಿದಾಗ ಸ್ಪೀಡ್ ಪೋಸ್ಟಲ್ಲಿ ಬರ್ತಿದೆ, ತಲುಪಬೇಕಾದ ಜಾಗ ಕೊಡ್ಲಿಪೇಟೆ ಅಂತ ಇತ್ತು. ಅದನ್ನ ನೋಡಿದ್ದೇ ಒಳ್ಳೇದಾಯ್ತು. ಪಾರ್ಸೆಲ್ ಎಲ್ಲಿದೆ ಅನ್ನೋದನ್ನ ಎಲ್ಲರೂ ನೋಡ್ತಾರೆ, ಎಲ್ಲಿಗೆ ಹೋಗ್ತಿದೆ ಅನ್ನೋ ಸಾಲು ಮೇಲ್ಗಡೆ ಇರುತ್ತೆ, ಅದನ್ನ ಓದಲ್ಲ.

ಮೊದಲು ಅಂಗಡಿಯವರಿಗೆ ಫೋನ್ ಮಾಡಿದ್ವಿ. ಬುಕ್ ಆಗಿಹೋಗಿದೆ, ನಮ್ಮ ಕೈಯಲ್ಲಿ ಇಲ್ಲ ಅಂದ್ರು. ಅವರ ಹತ್ರ ಪೋಸ್ಟ್ ಆಫೀಸ್ ರಸೀದಿಯ ಫೋಟೋ ಮತ್ತೆ ಪಾರ್ಸೆಲ್ ಮೇಲೆ ಅಂಟಿಸಿದ ಅಡ್ರೆಸಿನ ಫೋಟೋ ಕೇಳಿ ತರಿಸ್ಕೊಂಡ್ವಿ. ಆ ಎರಡನೇ ಫೋಟೋ ಬಹಳ ಮುಖ್ಯ. ಅದರಲ್ಲಿ ಚಿಕ್ಕಪ್ಪನ ಹೆಸರು, ಮನೆ ಹೆಸರು, ಗೋಣಿಕೊಪ್ಪ ಅಂತ ಊರ ಹೆಸರು, ಸರಿಯಾದ ಮೊಬೈಲ್ ಎಲ್ಲ ಇತ್ತು, ಪಿನ್‌ಕೋಡ್ ಒಂದೇ ತಪ್ಪು. ಊರ ಹೆಸರು ಇಲ್ಲದೆ ಬರೀ ಕೊಡಗು ಅಂತ ಇದ್ದಿದ್ರೆ ಕೊಡ್ಲಿಪೇಟೆ ಪೋಸ್ಟ್‌ಮ್ಯಾನ್ ಆ ಮನೆ ಎಲ್ಲಿ ಅಂತ ಹುಡುಕ್ತಾರೆ, ಸಿಗಲ್ಲ, `Insufficient Address` ಅಂತ ಬರೆದು ವಾಪಸ್ ಕಳಿಸ್ತಾರೆ.

ಆಮೇಲೆ ಕೊಡ್ಲಿಪೇಟೆ ಪೋಸ್ಟ್ ಆಫೀಸಿಗೆ ಫೋನ್ ಮಾಡಿದ್ವಿ. ಟ್ರ್ಯಾಕಿಂಗ್ ನಂಬರ್ ಹೇಳಿ, ಇದು ನಿಮ್ಮಲ್ಲಿಗೆ ಬರ್ತಿದೆ, ಪಿನ್‌ಕೋಡ್ ತಪ್ಪಿದೆ, ಅಡ್ರೆಸ್ ಗೋಣಿಕೊಪ್ಪದ್ದು, ವಾಪಸ್ ಕಳಿಸದೆ ಗೋಣಿಕೊಪ್ಪಕ್ಕೆ ಕಳಿಸಿಕೊಡ್ತೀರಾ ಮೇಡಂ ಅಂತ ಕೇಳಿದ್ವಿ. ನಂಬರ್ ಬರ್ಕೊಂಡ್ರು, ಬಂದ ಮೇಲೆ ನೋಡ್ತೀವಿ, ಅಡ್ರೆಸಲ್ಲಿ ಗೋಣಿಕೊಪ್ಪ ಅಂತ ಇದ್ರೆ ಕಳಿಸ್ತೀವಿ ಅಂದ್ರು. ಶನಿವಾರ ಅಲ್ಲಿಗೆ ಬಂತು, ಬೆಳಿಗ್ಗೆ ಮತ್ತೊಂದು ಸಲ ಫೋನ್ ಮಾಡಿ ನೆನಪಿಸಿದ್ವಿ, ಮಂಗಳವಾರ ಗೋಣಿಕೊಪ್ಪದಲ್ಲಿ ಕೈಗೆ ಸಿಕ್ತು. ಕೊಯಮತ್ತೂರಿಗೆ ವಾಪಸ್ ಹೋಗಿ ಮತ್ತೆ ಬರೋದಾಗಿದ್ರೆ ಆ ತಿಂಗಳ ಕಳೆ ಕೆಲಸ ಮುಗಿದ ಹಾಗೇ ಇತ್ತು.

ಇದರಿಂದ ಅಂಚೆಯಲ್ಲಿ ಬರೋ ಪಾರ್ಸೆಲಿಗೆ ಮಾಡ್ಬೇಕಾದ ಕ್ರಮ ಗೊತ್ತಾಗುತ್ತೆ. ಸೆಲ್ಲರಿಂದ ಲೇಬಲ್ ಫೋಟೋ ತರಿಸಿ ಊರ ಹೆಸರು ಇದೆಯಾ ನೋಡಿ. ಪಾರ್ಸೆಲ್ ಅಲ್ಲಿಗೆ ತಲುಪೋ ಮುಂಚೆಯೇ ತಪ್ಪು ಪಿನ್‌ಕೋಡಿನ ಪೋಸ್ಟ್ ಆಫೀಸಿಗೆ ತಿಳಿಸಿ, ತಲುಪಿದ ದಿನ ಮತ್ತೊಮ್ಮೆ ತಿಳಿಸಿ. ಫೋನ್ ಎತ್ತಲ್ಲ ಅಂದ್ರೆ ನಿಮ್ಮ ಊರಿನ ಪೋಸ್ಟ್ ಆಫೀಸಿಗೇ ಹೋಗಿ ಕೌಂಟರಲ್ಲಿ ಹೇಳಿ, ಪೋಸ್ಟ್ ಮಾಸ್ಟರ್ ಆ ಕಡೆಗೆ ಮಾತಾಡೋದುಂಟು, ಸಣ್ಣ ಊರಲ್ಲಿ ಇದು ನಡೆಯುತ್ತೆ. ಟೋಲ್ ಫ್ರೀ 1800 266 6868 ಇದೆ. ಲಿಖಿತವಾಗಿ ಕೊಡಿ ಅಂದ್ರೆ ಬಿಳಿ ಹಾಳೆಯಲ್ಲಿ ಟ್ರ್ಯಾಕಿಂಗ್ ನಂಬರ್, ತಪ್ಪಾದ ಮತ್ತೆ ಸರಿಯಾದ ಪಿನ್‌ಕೋಡ್, ಹೆಸರು, ಸಹಿ ಹಾಕಿ ಆಧಾರ್ ನಕಲು ಜೊತೆ ಕೊಡಿ. ಕಳಿಸಿದವರು ಅವರ ಕಡೆಯ ಪೋಸ್ಟ್ ಆಫೀಸಲ್ಲಿ ಅರ್ಜಿ ಕೊಡೋಕೆ ಒಪ್ಪಿದ್ರೆ ಇನ್ನೂ ಗಟ್ಟಿ.

ಪ್ರೈವೇಟ್ ಕೊರಿಯರ್ ಆಗಿದ್ರೆ ಇಷ್ಟು ಸುಲಭ ಇಲ್ಲ. ಒಂದು ಬ್ರಾಂಚಿಂದ ಇನ್ನೊಂದು ಬ್ರಾಂಚಿಗೆ ಕಳಿಸೋದು ಅಂದ್ರೆ ಅವರ ಲೆಕ್ಕದಲ್ಲಿ ಹೊಸ ಸಾಗಾಟ, ಅದಕ್ಕೆ ದುಡ್ಡು ಯಾರು ಕೊಡ್ಬೇಕು ಅನ್ನೋ ಪ್ರಶ್ನೆ ಬರುತ್ತೆ, ಹೆಚ್ಚಿನವರು ಆಗಲ್ಲ ಅಂತಾರೆ. ಆದ್ರೆ ಬಂದು ತಗೊಂಡು ಹೋಗ್ತೀನಿ ಅಂದ್ರೆ ಒಪ್ಪೋ ಸಾಧ್ಯತೆ ಜಾಸ್ತಿ. ವಿರಾಜಪೇಟೆಯವರ ಪಾರ್ಸೆಲ್ ಮಡಿಕೇರಿ ಬ್ರಾಂಚಿಗೆ ಹೋಗಿದ್ರೆ ಒಂದು ಬಸ್ಸಿನ ದೂರ, ಹೋಗಿ ತಗೊಂಡು ಬನ್ನಿ. ಅಡ್ರೆಸಲ್ಲಿರೋ ಹೆಸರಿನ ಗುರುತಿನ ಚೀಟಿ, ಆರ್ಡರ್ ಪೇಜ್, ಓಟಿಪಿ ಬರೋ ಫೋನ್ ಮೂರೂ ಜೊತೆಗಿರಲಿ. ಹೊರಡೋ ಮುಂಚೆ ಸೆಲ್ಲರ್ ಅಥವಾ ಕೊರಿಯರ್ ಕಸ್ಟಮರ್ ಕೇರಿಂದ ಸೆಲ್ಫ್ ಪಿಕಪ್ ಅಂತ ನೋಟ್ ಹಾಕಿಸಿ, ಹಾಕಿಸದೆ ಹೋದ್ರೆ ನೀವು ಬಸ್ಸಲ್ಲಿ ಇರುವಾಗ ಅದು ಡೆಲಿವರಿ ವ್ಯಾನಲ್ಲಿ ಊರು ಸುತ್ತುತ್ತಿರುತ್ತೆ.

ತಪ್ಪು ಪಿನ್‌ಕೋಡ್ ಬೇರೆ ಜಿಲ್ಲೆ, ಬೇರೆ ರಾಜ್ಯದ್ದು, ಕೊರಿಯರ್ ಪ್ರೈವೇಟ್, ಹೀಗಿದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಓಡಾಡ್ಬೇಡಿ. ಆ ಊರಲ್ಲಿ ನಂಬಿಕಸ್ಥರು ಯಾರಾದ್ರೂ ಇದ್ರೆ ಸೆಲ್ಲರಿಗೆ ಅವರ ನಂಬರ್ ಕೊಟ್ಟು ಅಲ್ಲಿ ತಗೊಳ್ಳೋ ಹಾಗೆ ಮಾಡಿ. ಮೈಸೂರಲ್ಲಿ ನಮ್ಮ ಕೊಡಗಿನವರ ಮನೆಗಳು ಬೇಕಾದಷ್ಟಿವೆ, ಓದೋ ಮಕ್ಕಳಿದ್ದಾರೆ, ಹಾಗಾಗಿ 570 ಆದ ತಪ್ಪು ಹೀಗೆ ಉಳಿಯುತ್ತೆ. ಯಾರೂ ಇಲ್ಲ ಅಂದ್ರೆ ವಾಪಸ್ ಹೋಗ್ಲಿ ಬಿಡಿ, ಏಳನೇ ಹಂತ ನೋಡಿ.

## 6. ಡೆಲಿವರಿ ಆಗಲಿಲ್ಲ ಅಂತ ಮೆಸೇಜ್ ಬಂದ ಮೇಲೆ

ಇದು ಕೊನೆಯ ಬಾಗಿಲು, ತುಂಬ ಹೊತ್ತು ತೆರೆದಿರಲ್ಲ. ಡೆಲಿವರಿಯವನು ಕೊಡೋಕಾಗ್ಲಿಲ್ಲ ಅಂತ ಒತ್ತಿದ ಕೂಡ್ಲೇ ಸೆಲ್ಲರಿನ ಕಂಪ್ಯೂಟರಲ್ಲಿ ಒಂದು ಪ್ರಶ್ನೆ ಬರುತ್ತೆ, ಇನ್ನೊಂದು ಸಲ ಪ್ರಯತ್ನ ಮಾಡೋಣ್ವಾ, ವಾಪಸ್ ತರೋಣ್ವಾ ಅಂತ. ಅಲ್ಲಿ ಹೊಸ ಫೋನ್ ನಂಬರ್ ಮತ್ತೆ ಗುರುತಿನ ಜಾಗ ಸೇರಿಸೋಕೆ ಅವಕಾಶ ಇರುತ್ತೆ. ಸೆಲ್ಲರ್ ಉತ್ತರ ಕೊಡದೇ ಇದ್ರೆ ಒಂದೆರಡು ಸಲ ತಿರುಗಿ ತಾನಾಗೇ ವಾಪಸ್ ಹೊರಡುತ್ತೆ, ಸಾಮಾನ್ಯವಾಗಿ ಒಟ್ಟು ಮೂರು ಪ್ರಯತ್ನ.

ಹಾಗಾಗಿ ಮೆಸೇಜ್ ಬಂದ ದಿನವೇ ಸೆಲ್ಲರಿಗೆ ಮತ್ತೆ ಬರೀರಿ, ಇನ್ನೊಂದು ಸಲ ಡೆಲಿವರಿ ಮಾಡಿಸಿ, ಈ ನಂಬರಿಗೆ ಫೋನ್ ಮಾಡಿಸಿ ಅಂತ ನೇರವಾಗಿ ಕೇಳಿ. ನಾಳೆ ಬರ್ತಾರೆ ಅಂದ್ರೆ ಆ ದಿನ ನೆಟ್‌ವರ್ಕ್ ಸಿಗೋ ಜಾಗದಲ್ಲಿರಿ, ಗೊತ್ತಿಲ್ಲದ ನಂಬರ್ ಬಂದ್ರೂ ಎತ್ತಿ. ಫೋನೇ ಬಾರದೆ ಕಸ್ಟಮರ್ ಸಿಗಲಿಲ್ಲ ಅಂತ ಬರೆದಿದ್ರೆ ಕಾಲ್ ಲಿಸ್ಟ್ ಸ್ಕ್ರೀನ್‌ಶಾಟ್ ಕಳಿಸಿ, ಮೊದಲು ನಂಬರ್ ಬದಲಾಗಿದೆಯಾ ಅಂತ ಖಚಿತ ಮಾಡ್ಕೊಂಡು.

## 7. ವಾಪಸ್ ಹೊರಟ ಮೇಲೆ

`RTO Initiated` ಅಂತ ಬಂದ ಮೇಲೆ ತಡೆಯೋದು ಹೆಚ್ಚು ಕಡಿಮೆ ಆಗದ ಮಾತು. ಪಾರ್ಸೆಲ್ ನಿಮ್ಮ ಪೇಟೆಯಲ್ಲೇ ಇದ್ರೂ ಅದರ ಲೆಕ್ಕ ಈಗ ಸೆಲ್ಲರ್ ಅಡ್ರೆಸಿಗೆ ತಿರುಗಿದೆ. ಆ ದಿನವೇ ಬ್ರಾಂಚಿಗೆ ಓಡಿಹೋಗಿ ಕೇಳಿದ್ರೆ ಅಪರೂಪಕ್ಕೆ ಸಿಗುತ್ತೆ, ಅಲ್ಲಿಂದ ಚೀಲಕ್ಕೆ ಹಾಕಿ ಕಳಿಸಿದ್ರೆ ಮುಗೀತು.

ಆಗ ಸೆಲ್ಲರ್ ಹತ್ರ ಎರಡರಲ್ಲಿ ಒಂದು ಕೇಳಿ, ಸರಿಯಾದ ಅಡ್ರೆಸಿಗೆ ಮತ್ತೆ ಕಳಿಸ್ತೀರಾ, ಇಲ್ಲಾ ದುಡ್ಡು ವಾಪಸ್ ಕೊಡ್ತೀರಾ. ತಪ್ಪು ನಮ್ಮದಾಗಿರೋದ್ರಿಂದ ಎರಡನೇ ಸಲದ ಕೊರಿಯರ್ ಖರ್ಚು ಕೇಳೋದುಂಟು, ಸಣ್ಣ ಅಂಗಡಿಯವರು ಕೇಳಿದ್ರೆ ನನಗಂತೂ ನ್ಯಾಯ ಅನ್ಸುತ್ತೆ. ದುಡ್ಡು ಸಾಮಾನ್ಯವಾಗಿ ಸಾಮಾನು ಅವರ ಗೋಡೌನ್ ತಲುಪಿದ ಮೇಲೆ ಬರೋದು, ವಾಪಸ್ ಹೊರಟ ದಿನ ಅಲ್ಲ. ಈ ಮಧ್ಯ ಅದೇ ಸಾಮಾನಿಗೆ ಇನ್ನೊಂದು ಆರ್ಡರ್ ಹಾಕೋದಾದ್ರೆ ಮೊದಲನೇದರ ಬಗ್ಗೆ ಲಿಖಿತ ಉತ್ತರ ಬರಲಿ ಆಮೇಲೆ ಹಾಕಿ, ಎರಡೂ ಬಂದು ಕೂತ ಮನೆ ನೋಡಿದ್ದೀನಿ. ಸಾಮಾನು ತಲುಪಿ ದಿನಗಟ್ಟಲೆ ಆದ್ರೂ ದುಡ್ಡೂ ಇಲ್ಲ ಉತ್ತರಾನೂ ಇಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಆಗ ಮೊದಲು ಬರೆದ ಮೆಸೇಜ್, ಸ್ಕ್ರೀನ್‌ಶಾಟ್ ಎಲ್ಲ ಕೆಲಸಕ್ಕೆ ಬರುತ್ತೆ.

## 8. ಈ ಹೊತ್ತಲ್ಲೇ ಬರೋ ಕಳ್ಳರು

ಪಾರ್ಸೆಲ್ ಸಿಕ್ಕಿಲ್ಲ ಅಂತ ತಲೆ ಕೆಟ್ಟಿರೋವಾಗ ಒಂದು ಮೆಸೇಜ್ ಬರುತ್ತೆ, ನಿಮ್ಮ ಅಡ್ರೆಸ್ ಪೂರ್ತಿ ಇಲ್ಲ, ಈ ಲಿಂಕಲ್ಲಿ ಸರಿ ಮಾಡಿ ಅಂತ. ಒತ್ತಿದ್ರೆ ಅಂಚೆ ಇಲಾಖೆಯದ್ದೇ ಪೇಜ್ ಅನ್ನೋ ಹಾಗೆ ಕಾಣುತ್ತೆ, ಅಡ್ರೆಸ್ ಕೇಳಿ ಕೊನೆಗೆ ಹತ್ತಿಪ್ಪತ್ತು ರೂಪಾಯಿ ಕಾರ್ಡಲ್ಲಿ ಕಟ್ಟಿ ಅನ್ನುತ್ತೆ. ಅವರಿಗೆ ಬೇಕಿರೋದು ಕಾರ್ಡ್ ನಂಬರ್. ನಿಮ್ಮ ಅಡ್ರೆಸ್ ನಿಜವಾಗ್ಲೂ ತಪ್ಪಿರೋದ್ರಿಂದ ಈ ಮೆಸೇಜ್ ನಿಜ ಅಂತಾನೇ ಅನ್ಸುತ್ತೆ, ಅದೇ ಅಪಾಯ. ಲಿಂಕ್ ಒತ್ತಬೇಡಿ, ಟ್ರ್ಯಾಕಿಂಗ್ ನಂಬರ್ ತಗೊಂಡು ಕೊರಿಯರಿನ ವೆಬ್‌ಸೈಟಿಗೆ ನೀವೇ ಹೋಗಿ ನೋಡಿ.

ಕಸ್ಟಮರ್ ಕೇರ್ ನಂಬರನ್ನ ಗೂಗಲಲ್ಲಿ ಹುಡುಕಿ ಮೊದಲು ಕಂಡಿದ್ದಕ್ಕೆ ಫೋನ್ ಮಾಡೋದೂ ಬೇಡ. ಆ್ಯಪ್ ಒಳಗಿಂದ, ಅಥವಾ ಬಿಲ್ಲಿನ ಮೇಲಿಂದ ತಗೊಳ್ಳಿ. ಯಾರಾದ್ರೂ ಸ್ಕ್ರೀನ್ ಕಾಣೋ ಆ್ಯಪ್ ಹಾಕಿ ಅಂದ್ರೆ ಕಟ್ ಮಾಡಿ. ಡೆಲಿವರಿ ಹುಡುಗನ ಜೊತೆ ಮಾತಾಡೋಕೆ `*401*` ಅಥವಾ `*21*` ಹಾಕಿ ಈ ನಂಬರ್ ಒತ್ತಿ ಅಂದ್ರೂ ಕಟ್ ಮಾಡಿ, ಅದು ನಿಮ್ಮ ಕಾಲ್‌ಗಳನ್ನೆಲ್ಲ ಅವರ ಫೋನಿಗೆ ತಿರುಗಿಸೋ ಕೋಡ್, ಆಮೇಲೆ ಫೋನಲ್ಲಿ ಬರೋ ಓಟಿಪಿ ಅವರಿಗೆ ಹೋಗುತ್ತೆ. ಒತ್ತಿಬಿಟ್ಟಿದ್ರೆ ತಕ್ಷಣ ಇದನ್ನ ಡಯಲ್ ಮಾಡಿ:

```
##002#
```

ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತೆ. ದುಡ್ಡು ಹೋಗಿದ್ರೆ ಕಾಯದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

## 9. ಅಡ್ರೆಸನ್ನ ಹೀಗೆ ಬರೆದಿಡಿ

ಆ್ಯಪಲ್ಲಿ ಸೇವ್ ಆಗಿರೋ ಹಳೇ ತಪ್ಪು ಅಡ್ರೆಸನ್ನ ಡಿಲೀಟ್ ಮಾಡಿ. ತಿದ್ದಿ ಹೊಸದನ್ನ ಸೇರಿಸಿದ್ರೂ ಹಳೇದು ಪಟ್ಟಿಯಲ್ಲಿ ಉಳಿದಿದ್ರೆ ಮುಂದಿನ ಸಲ ಅದೇ ಮೊದಲು ಬಂದು ಕೂತಿರುತ್ತೆ.

ಹೊಸ ಅಡ್ರೆಸಲ್ಲಿ ಊರ ಹೆಸರನ್ನ ಅದರ ಜಾಗದಲ್ಲಿ ಹಾಕೋದಲ್ಲದೆ ಮೇಲಿನ ಸಾಲಲ್ಲೂ ನೀವೇ ಟೈಪ್ ಮಾಡಿ, ತಾನಾಗಿ ತುಂಬೋ ಕೊಡಗು ಅನ್ನೋದನ್ನ ನಂಬಬೇಡಿ. ಮನೆತನದ ಹೆಸರು, ತೋಟದ ಹೆಸರು, ಗ್ರಾಮ, ಆಮೇಲೆ ಯಾವ ಪೋಸ್ಟ್ ಆಫೀಸಿಗೆ ಸೇರಿದ್ದು ಅಂತ ಬರೀರಿ. ಚಿಕ್ಕಪ್ಪನ ಪಾರ್ಸೆಲ್ ಕೊಡ್ಲಿಪೇಟೆಯಿಂದ ವಾಪಸ್ ಬಂದಿದ್ದು ಆ ಒಂದು ಊರ ಹೆಸರಿಂದ. ನಮ್ಮ ಹಳ್ಳಿಗಳಲ್ಲಿ ತಾಲೂಕು ಒಂದು, ಹತ್ರದ ಪೇಟೆ ಇನ್ನೊಂದು, ಪೋಸ್ಟ್ ಮೂರನೇದು ಆಗಿರೋದೂ ಉಂಟು, ಪೋಸ್ಟ್ ಯಾವುದೋ ಅದರದ್ದೇ ಪಿನ್‌ಕೋಡ್ ಹಾಕಿ, ಗೊತ್ತಿಲ್ಲ ಅಂದ್ರೆ ಮನೆಗೆ ಬಂದಿರೋ ಯಾವುದಾದ್ರೂ ಹಳೇ ಅಂಚೆ ಕವರ್ ಮೇಲೆ ನಮ್ಮ ಕಡೆಯ ಪೋಸ್ಟ್ ಆಫೀಸ್ ಹಾಕಿರೋ ಸೀಲ್ ನೋಡಿ, ಕಳಿಸಿದ ಊರಿನದ್ದಲ್ಲ.

ನಂಬರ್ ಟೈಪ್ ಮಾಡಿದ ಮೇಲೆ ಹಿಂದಿನಿಂದ ಮುಂದಕ್ಕೆ ಒಂದು ಸಲ ಓದಿ. ಮುಂದಿನಿಂದ ಓದಿದ್ರೆ ಬಾಯಿಗೆ ಅಭ್ಯಾಸ ಆಗಿರೋದೇ ಬರುತ್ತೆ, ಕಣ್ಣು ತಪ್ಪನ್ನ ಹಿಡಿಯಲ್ಲ. ಚಿಕ್ಕಪ್ಪ ಈಗ 571213 ಅನ್ನೋದನ್ನ 3, 1, 2 ಅಂತ ಹಿಂದಿನಿಂದ ಗಟ್ಟಿಯಾಗಿ ಓದಿ ಆಮೇಲೆನೇ ದುಡ್ಡು ಕಟ್ಟೋ ಬಟನ್ ಒತ್ತೋದು.